ಮಾತ್ರೆ ಡಬ್ಬಿ ಬೇಡ, ಐಸ್ ಹಾಕಿದ ಬೂತಾಯಿ ಕೊಡಿ

ನಮ್ಮ ದೇವಸಮುದ್ರದ ಹೆಸರಲ್ಲೇ ಸಮುದ್ರ ಇದೆ. ಹಳಬರು ದೊಡ್ಡ ಕೆರೆಯನ್ನೂ ಸಮುದ್ರ ಅಂತಲೇ ಕರೆಯುತ್ತಿದ್ದರು, ಆ ಲೆಕ್ಕದ ಸಮುದ್ರ ಇದು. ನಿಜವಾದ ಕಡಲು ನಮಗೆ ಒಂದು ರಾತ್ರಿಯ ಲಾರಿ ದಾರಿ. ಆ ಒಂದು ರಾತ್ರಿಯನ್ನು ನೆಪ ಮಾಡಿಕೊಂಡು, ಕಡಲಿನ ಅಗ್ಗದ, ಗಟ್ಟಿ ಆಹಾರವನ್ನು ಬಯಲುಸೀಮೆಯ ಜನರಿಂದ ದೂರ ಇಟ್ಟಿದ್ದಾರೆ. ಅದೇ ಮೀನಿನ ಎಣ್ಣೆಯನ್ನು ಮಾತ್ರೆಯೊಳಗೆ ತುಂಬಿ, ಮೊಬೈಲ್ ಜಾಹೀರಾತಿನಲ್ಲಿ ನಮಗೇ ಮಾರುತ್ತಿದ್ದಾರೆ. ನಮ್ಮ ತಕರಾರು ಇರುವುದು ಇಲ್ಲಿ.

ನಾವು ಹೇಳುತ್ತಿರುವುದು ಬೂತಾಯಿ ಮತ್ತು ಬಂಗುಡೆ ಬಗ್ಗೆ. ಬೂತಾಯಿಯನ್ನು ಕಾರವಾರದ ಕಡೆ ತಾರ್ಲೆ ಅಂತಾರೆ, ಮಲಯಾಳಿಗಳು ಮತ್ತಿ ಅಂತಾರೆ. ಬಂಗುಡೆಗೆ ಆಂಧ್ರದ ಕರಾವಳಿಯಲ್ಲಿ ಇರುವ ತೆಲುಗು ಹೆಸರೇ ವಿಜ್ಞಾನಿಗಳ ಪುಸ್ತಕಕ್ಕೂ ಹೋಗಿದೆ. 1803ರಲ್ಲಿ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ ಮೀನುಗಳ ಪುಸ್ತಕ ಮಾಡಿದಾಗ ಬರೆದುಕೊಂಡ ‘ಕನಗುರ್ತ’ ಅನ್ನುವ ಹೆಸರನ್ನೇ ಇವತ್ತಿಗೂ ಪ್ರಪಂಚವೆಲ್ಲ ಬಳಸುತ್ತದೆ. ನಮ್ಮ ಗಡಿಯಾಚೆಯ ಭಾಷೆಯ ಹೆಸರು ಹೊತ್ತ ಮೀನು ನಮ್ಮ ತಟ್ಟೆಗೆ ಮಾತ್ರ ಅಪರೂಪ.

ಮೊದಲು ಎಣ್ಣೆಯ ಮಾತು. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರಿದೆ. ನಮ್ಮ ಹೊಲದಲ್ಲಿ ಶೇಂಗಾ, ನಮ್ಮ ಒಗ್ಗರಣೆಯಲ್ಲಿ ಶೇಂಗಾ ಎಣ್ಣೆ. ಅದು ಒಳ್ಳೆಯ ಎಣ್ಣೆಯೇ. ಆದರೆ ಅದರಲ್ಲಿ ಒಮೆಗಾ ಆರು ಧಾರಾಳವಾಗಿದ್ದು, ಒಮೆಗಾ ಮೂರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಸೆ ಬೀಜದಲ್ಲಿ ಒಂದು ಬಗೆಯ ಒಮೆಗಾ ಮೂರು ಇದೆ, ಮಾಂಸ ಮುಟ್ಟದವರು ಅಗಸೆ ಚಟ್ನಿ ಪುಡಿ ತಿನ್ನುವುದು ಸರಿ. ಆದರೆ ಗರ್ಭದಲ್ಲಿರುವ ಮಗುವಿನ ಮೆದುಳು, ಕಣ್ಣಿಗೆ ಬೇಕಾದ ಡಿಎಚ್‌ಎ ಅನ್ನುವ ರೂಪಕ್ಕೆ ಅದನ್ನು ನಮ್ಮ ಮೈ ಬದಲಾಯಿಸಿಕೊಳ್ಳುವುದು ಬಹಳ ಸ್ವಲ್ಪ. ಬೂತಾಯಿ, ಬಂಗುಡೆಯಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ.

ಇನ್ನು ಮಾತ್ರೆಯ ಲೆಕ್ಕ ನೋಡಿ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಮೀನೆಣ್ಣೆಯ ತೂಕ, ಒಮೆಗಾ ಮೂರರ ತೂಕವಲ್ಲ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಸಾಮಾನ್ಯ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿಲಿಗ್ರಾಂ ಅಷ್ಟೇ.

ಈಗ ಒಂದು ಕೆಜಿ ಬೂತಾಯಿಯ ಲೆಕ್ಕ. ತಲೆ, ಕರುಳು, ಪೊರೆ, ಮುಳ್ಳು ಹೋಗಿ ತಿನ್ನಲು ಸಿಗುವುದು ಸುಮಾರು 550 ಗ್ರಾಂ. ಅದರಲ್ಲಿ ಪ್ರೋಟೀನ್ ಹತ್ತಿರ ಹತ್ತಿರ 100 ಗ್ರಾಂ. ಐದು ಜನರ ಮನೆಯಲ್ಲಿ ತಲೆಗೆ 20 ಗ್ರಾಂ, ಅಂದರೆ ಮೂರು ಮೊಟ್ಟೆಯಷ್ಟು. ಮಳೆಗಾಲ ಮುಗಿದ ಮೇಲೆ ಬರುವ ಕೊಬ್ಬಿದ ಮೀನಾದರೆ 100 ಗ್ರಾಂ ಮಾಂಸಕ್ಕೆ ಒಂದು ಗ್ರಾಂ ಒಮೆಗಾ ಮೂರು ಹಿಡಿಯಬಹುದು. ಆ ಒಂದು ಕೆಜಿಯಲ್ಲಿ 18 ಮಾತ್ರೆಯ ಸರಕು ಬಂತು. ದೊಡ್ಡವರಿಗೆ ದಿನಕ್ಕೆ 250 ಮಿಲಿಗ್ರಾಂ ಸಾಕು ಅನ್ನುತ್ತಾರೆ. ಹಾಗಾದರೆ ಒಂದು ಊಟ ನಾಲ್ಕು ದಿನಕ್ಕಾಯಿತು. ಬಡಕಲು ಮೀನಿನ ಕಾಲದಲ್ಲಿ ಇದರ ಅರ್ಧ ಅಂದುಕೊಳ್ಳಿ. ಆಗ ವಾರಕ್ಕೆರಡು ಸಲ ತಿಂದರೆ ನಾಲ್ಕು ದಿನದ ಲೆಕ್ಕವಾಯಿತು.

ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಬೂತಾಯಿ ಕೆಜಿಗೆ 200 ರೂಪಾಯಿ ಅಂತಿಟ್ಟುಕೊಳ್ಳಿ. 200 ರೂಪಾಯಿಗೆ 100 ಗ್ರಾಂ ಪ್ರೋಟೀನ್ ಬಂತು. ಏಳು ರೂಪಾಯಿಯ ಮೊಟ್ಟೆಯಲ್ಲಿ ಅಷ್ಟೇ ಪ್ರೋಟೀನ್ 120 ರೂಪಾಯಿ ಒಳಗೇ ಬರುತ್ತದೆ. ಬರೀ ಪ್ರೋಟೀನಿಗೆ ಮೊಟ್ಟೆಯನ್ನು ಮೀರಿಸುವುದು ಕಷ್ಟ. ಆದರೆ ಕುರಿ ಮಾಂಸ ಕೆಜಿಗೆ 800 ಇದ್ದರೆ, 200 ರೂಪಾಯಿಗೆ ಮೂಳೆ ಸಮೇತ ಕಾಲು ಕೆಜಿ ಸಿಗುತ್ತದೆ, ಪ್ರೋಟೀನ್ 40 ಗ್ರಾಂ ದಾಟುವುದಿಲ್ಲ, ಒಮೆಗಾ ಮೂರು ಹೆಸರಿಗಷ್ಟೇ. ಹಬ್ಬಕ್ಕೆ ಕುರಿ ಇರಲಿ, ಬೇಡ ಅನ್ನುವವರು ನಾವಲ್ಲ. ವಾರದ ಸಾರಿಗೆ ಬೂತಾಯಿ ಯಾಕಿಲ್ಲ ಅನ್ನುವುದು ಪ್ರಶ್ನೆ.

ಯಾಕಿಲ್ಲ ಅಂದರೆ, ರಾಶಿ ಬೂತಾಯಿ ಬಿದ್ದ ದಿನ ಅದರ ದೊಡ್ಡ ಪಾಲು ಮನುಷ್ಯರ ಊಟಕ್ಕೇ ಬರುವುದಿಲ್ಲ. ಮಂಗಳೂರು, ಮಲ್ಪೆ ಸುತ್ತಿನ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ನಾಲ್ಕೈದು ಕೆಜಿ ಹಸಿ ಮೀನು ಬೇಯಿಸಿ, ಹಿಂಡಿ, ಒಣಗಿಸಿದರೆ ಒಂದು ಕೆಜಿ ಪುಡಿ. ಆ ಪುಡಿ ಸೀಗಡಿ ಸಾಕುವವರಿಗೆ ಮೇವು, ಸೀಗಡಿ ಹಡಗು ಹತ್ತಿ ಹೊರದೇಶಕ್ಕೆ. ಇದು ಇವತ್ತಿನ ಚಾಳಿಯಲ್ಲ. ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಕಾಲದಲ್ಲೂ ಪಶ್ಚಿಮ ಕರಾವಳಿಯ ಬೂತಾಯಿಯನ್ನು ಕುದಿಸಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ತೋಟಗಳಿಗೆ ಗೊಬ್ಬರ ಹಾಕುತ್ತಿದ್ದರು. ಕೊಳೆತದ್ದನ್ನು ಕಾರ್ಖಾನೆಗೆ ಕೊಡಲಿ, ಸಂತೋಷ. ಊಟಕ್ಕೆ ಯೋಗ್ಯವಾದದ್ದನ್ನು, ಐಸಿಗೆ ದುಡ್ಡು ಹಾಕುವುದಕ್ಕಿಂತ ಸುಲಭ ಅಂತ ಅಲ್ಲಿಗೆ ಸುರಿಯುವುದು ಅನ್ಯಾಯ. ಮರಿಗಳನ್ನೂ ಬಾಚಿ ಸುರಿಯುವುದು ಇನ್ನೂ ದೊಡ್ಡ ಅನ್ಯಾಯ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ಕೇರಳ ನಿಯಮ ಮಾಡಿದ್ದು ಇದಕ್ಕೇ.

‘ಬಯಲುಸೀಮೆಯವರು ವಾಸನೆ ಮೀನು ತಿನ್ನಲ್ಲ, ಅದಕ್ಕೇ ತರಲ್ಲ’ ಅನ್ನುವವರಿಗೆ ನಮ್ಮ ಉತ್ತರ ಇಷ್ಟೆ: ನೀವು ತರುವುದೇ ವಾಸನೆ ಬಂದ ಮೇಲೆ. ತಾಜಾ ಬೂತಾಯಿ ನಾರುವುದಿಲ್ಲ. ಇದರ ಎಣ್ಣೆ ಬೇಗ ಕಮಟುತ್ತದೆ, ಹೊಟ್ಟೆ ಬೇಗ ಒಡೆಯುತ್ತದೆ. ನಮ್ಮ ಬಿಸಿಲಿಗೆ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಬೇಕು, ಕರಗಿದ ನೀರು ಕೆಳಗೆ ಇಳಿದು ಹೋಗಬೇಕು. ಮೇಲೆ ಒಂದು ಹಿಡಿ ಐಸ್ ಉದುರಿಸಿ, ಕೆಳಗಿನ ಮೀನನ್ನು ಕೊಚ್ಚೆ ನೀರಲ್ಲಿ ನೆನೆಹಾಕಿದರೆ ಅದು ವ್ಯಾಪಾರವಲ್ಲ, ಮೋಸ.

ಇದು ಬರೀ ರುಚಿಯ ಮಾತಲ್ಲ. ಬೂತಾಯಿ, ಬಂಗುಡೆ ಐಸಿಲ್ಲದೆ ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದರ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ ವಿಷ ಹುಟ್ಟಿಸುತ್ತದೆ. ಒಮ್ಮೆ ಹುಟ್ಟಿದರೆ ಕುದಿಸಿದರೂ ಹೋಗದು, ಕರಿದರೂ ಹೋಗದು, ಮತ್ತೆ ಐಸಲ್ಲಿಟ್ಟರೂ ಹೋಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಬಾಯಿಗಿಟ್ಟ ಕೂಡಲೇ ಖಾರವಲ್ಲದ ಒಂದು ಚುರುಚುರು ಕಂಡರೆ ಉಗಿದುಬಿಡಿ. ಮೇಲಿನ ಲಕ್ಷಣ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಮೀನು ತಿಂದಿದ್ದು ಅಂತ ಹೇಳಿ.

ಕೊಳ್ಳುವಾಗ ಸಂಕೋಚ ಬೇಡ, ಕಿವಿರು ಎತ್ತಿ ನೋಡಿ. ಕೆಂಪಿರಬೇಕು, ಕಂದು ಆಗಿರಬಾರದು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಮೇಲೇಳಬೇಕು. ಬೂತಾಯಿಗೆ ಮುಖ್ಯ ಪರೀಕ್ಷೆ ಹೊಟ್ಟೆ: ಒಡೆದು ಕರುಳು ಇಣುಕುತ್ತಿದ್ದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆಗ ಬಂದದ್ದನ್ನು ಎರಡು ಸಲ ನೋಡಿ. ಮನೆಗೆ ತಂದ ತಕ್ಷಣ ಕರುಳು ತೆಗೆದು ತೊಳೆದು ಅವತ್ತೇ ಬೇಯಿಸಿ. ಸಂತೆಯ ಒಣ ಬೂತಾಯಿ ಹಳದಿ ಬಣ್ಣಕ್ಕೆ ತಿರುಗಿ ಕಮಟು ಹೊಡೆದಿದ್ದರೆ ಅದರ ಎಣ್ಣೆ ಕೆಟ್ಟಿದೆ ಅಂತ ಅರ್ಥ. ಉಪ್ಪೂ ಜಾಸ್ತಿ, ಬಿಪಿ ಇದ್ದವರಿಗೆ ಒಳ್ಳೆಯದಲ್ಲ.

ಅಡುಗೆಯಲ್ಲಿ ನಾವೂ ಒಂದು ಕಡೆ ದಾರಿ ತಪ್ಪುತ್ತೇವೆ. ಬಾಣಲೆ ತುಂಬ ಎಣ್ಣೆಯಲ್ಲಿ ಕರಿದರೆ ಮೀನಿನ ಎಣ್ಣೆ ಬಾಣಲೆಗೆ ಇಳಿಯುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಿದ ಹಾಗೆ. ಸಾರು ಮಾಡಿದರೆ ಎಲ್ಲವೂ ಸಾರಲ್ಲೇ ಉಳಿಯುತ್ತದೆ.

ಅರ್ಧ ಕೆಜಿ ಬೂತಾಯಿಗೆ ಎಂಟು ಒಣಮೆಣಸಿನಕಾಯಿ, ಎರಡು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳು ಮೆಂತ್ಯ ಹುರಿದು, ಒಂದು ಗಡ್ಡೆ ಬೆಳ್ಳುಳ್ಳಿ ಸೇರಿಸಿ ರುಬ್ಬಿ. ತೆಂಗಿನಕಾಯಿ ದುಬಾರಿಯಾದರೆ ಎರಡು ಚಮಚ ಹುರಿಗಡಲೆ ಹಾಕಿ, ಸಾರು ಗಟ್ಟಿಯಾಗುತ್ತದೆ. ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಅರಿಶಿನ ಹಾಕಿ ಮಸಾಲೆ ಚೆನ್ನಾಗಿ ಕುದ್ದ ಮೇಲೆಯೇ ಮೀನು ಬಿಡಿ. ಏಳೆಂಟು ನಿಮಿಷ ಸಾಕು. ಸೌಟು ಹಾಕಿದರೆ ಮೀನು ಪುಡಿಯಾಗುತ್ತದೆ, ಪಾತ್ರೆ ಹಿಡಿದು ತಿರುಗಿಸಿ. ಒಂದು ಗಂಟೆ ಬಿಟ್ಟು ರಾಗಿ ಮುದ್ದೆಗೆ ಹಚ್ಚಿ ನೋಡಿ.

ಬಂಗುಡೆಗೆ ಎರಡೂ ಕಡೆ ಓರೆಯಾಗಿ ಸೀಳು ಹಾಕಿ, ಖಾರದಪುಡಿ, ಅರಿಶಿನ, ಉಪ್ಪು, ನಿಂಬೆರಸ ಸವರಿ, ಇಪ್ಪತ್ತು ನಿಮಿಷ ಬಿಟ್ಟು, ರೊಟ್ಟಿ ಹಂಚಿನ ಮೇಲೆ ಒಂದೆರಡು ಚಮಚ ಎಣ್ಣೆಯಲ್ಲಿ ಹದ ಉರಿಗೆ ಒಂದೊಂದು ಕಡೆ ನಾಲ್ಕೈದು ನಿಮಿಷ ಬೇಯಿಸಿ. ಸೀದು ಕಪ್ಪಾಗಬಾರದು.

ಮುಳ್ಳಿನ ಭಯ ಇದ್ದ ಮನೆಯವರು ಕುಕ್ಕರ್ ಬಳಸಿ. ಬೂತಾಯಿಗೆ ಹುಣಸೆರಸ, ಮಸಾಲೆ, ಸ್ವಲ್ಪ ನೀರು ಹಾಕಿ, ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಮುಳ್ಳು ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಮುಳ್ಳಿನ ಸುಣ್ಣದಂಶವೂ ಹೊಟ್ಟೆಗೆ ಸೇರುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವ ಮುಂಚೆ ನಡುವಿನ ದೊಡ್ಡ ಮುಳ್ಳು ಹಿಸುಕಿ ನೋಡಿ.

ಕೊನೆಗೆ ನಮ್ಮ ಬೇಡಿಕೆ. ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಶುರುವಾಗಿದೆ. ಐಸ್ ಪೆಟ್ಟಿಗೆ ಇರುವ ಬೈಕು, ಮೂರು ಚಕ್ರದ ಗಾಡಿಗೆ ಅದರಲ್ಲಿ ಸಹಾಯಧನ ಇಟ್ಟಿದ್ದಾರೆ: ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇಕಡ 60. ಮೊಳಕಾಲ್ಮುರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಈ ಶೇಕಡ 60ಕ್ಕೆ ಅರ್ಹರಾದವರು ಇಲ್ಲಿ ಬೀದಿ ಬೀದಿಯಲ್ಲಿದ್ದಾರೆ. ಮೀನುಗಾರಿಕೆ ಇಲಾಖೆಗೆ ಹೋಗಿ ಈಗ ಅರ್ಜಿ ತಗೊಳ್ಳುತ್ತೀರಾ, ನಮ್ಮ ತಾಲ್ಲೂಕಿಗೆ ಇದುವರೆಗೆ ಎಷ್ಟು ಐಸ್ ಪೆಟ್ಟಿಗೆ ಕೊಟ್ಟಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಇದೇ ಜಾಗದಲ್ಲಿ ಹಾಕುತ್ತೇವೆ. ಬರದಿದ್ದರೆ ಅದನ್ನೂ ಹಾಕುತ್ತೇವೆ.