ಪಾಳಿ ಬದಲಾವಣೆ: ಬೇಗವೋ, ನಿಧಾನವೋ?

1986ರಲ್ಲಿ ಪುತ್ತೂರಿಗೆ ಕ್ಯಾಂಪ್ಕೊ ಚಾಕೊಲೇಟು ಕಾರ್ಖಾನೆ ಬಂದ ಮೇಲೆ ಯಂತ್ರದ ದುಡಿಮೆ ನಮಗೆ ಹೊಸತಲ್ಲ. ಸುಳ್ಯ, ಕಡಬದಲ್ಲಿ ಸಣ್ಣ ಘಟಕ ಹೂಡುವವರು ಪಾಳಿಯ ಲೆಕ್ಕವನ್ನು ಮೊದಲೇ ಹಾಕಬೇಕು.

ವಾರವಿಡೀ ರಾತ್ರಿಪಾಳಿ ಮಾಡಿದರೂ ದೇಹ ಪೂರ್ತಿ ಒಗ್ಗದು; ನಿದ್ದೆಯ ಬಾಕಿ ಬೆಳೆಯುತ್ತದೆ. ಎರಡೆರಡು ದಿನಕ್ಕೆ ಬದಲಿಸಿದರೆ ಬಾಕಿ ಕಡಿಮೆ. ಆದರೆ ಮೂರೇ ತಂಡಗಳಿದ್ದರೆ, ವಾರದ ನಡುವೆ ಬೆಳಿಗ್ಗೆ 6ಕ್ಕೆ ರಾತ್ರಿಪಾಳಿ ಮುಗಿಸಿದವರೇ 6ಕ್ಕೆ ಬೆಳಗಿನ ಪಾಳಿ ಹಿಡಿಯಬೇಕಾಗುತ್ತದೆ. ನಾಲ್ಕನೆಯ ತಂಡವಿದ್ದರೆ ಆರು ದಿನ ದುಡಿದು ಎರಡು ದಿನ ವಿರಾಮ. ಆದರೆ ಭಾನುವಾರದ ರಜೆ ಖಾತ್ರಿಯಿಲ್ಲ, ವಾರದ ದುಡಿಮೆಯೂ 48ರಿಂದ 42 ಗಂಟೆಗೆ ಇಳಿಯುತ್ತದೆ.

ಆ ಆರು ಗಂಟೆಯ ಕೂಲಿ ಕಡಿಯದಿದ್ದರೆ ಮಾತ್ರ ಬೇಗದ ಬದಲಾವಣೆ ನ್ಯಾಯವೆಂಬುದು ನಮ್ಮ ಅಭಿಪ್ರಾಯ. ಅದಾಗದಿದ್ದರೆ ಭಾನುವಾರ ಘಟಕ ನಿಲ್ಲಿಸಿ, ವಾರಕ್ಕೊಮ್ಮೆ ಬದಲಿಸುವುದೇ ಮೇಲು.