ಡಿವಿಡೆಂಡ್ ಬಂತು ಸರಿ, ಎಲ್ಲಿಂದ ಬಂತು?

ಮೊಬೈಲಿನಲ್ಲೇ ಡಿಮ್ಯಾಟ್ ಅಕೌಂಟ್ ತೆರೆಯೋದು ಸುಲಭವಾದ ಮೇಲೆ ಹಾಸ್ಟೆಲುಗಳಲ್ಲಿ ಒಂದು ನಂಬಿಕೆ ಹಬ್ಬಿದೆ. ರೆಕಾರ್ಡ್ ಡೇಟಿಗೆ ಒಂದು ದಿನ ಮುಂಚೆ ಷೇರು ತಗೊಂಡ್ರೆ ಸಾಕು, ಡಿವಿಡೆಂಡ್ ಪುಕ್ಕಟೆ ಸಿಗುತ್ತೆ ಅಂತ. ಪುಕ್ಕಟೆ ಅಲ್ಲ ಅನ್ನೋದು ನಮ್ಮ ವಾದ. ಇದು ಹೊಸ ವಾದವೇನೂ ಅಲ್ಲ. ತೆರಿಗೆ, ಖರ್ಚು ಯಾವುದೂ ಇಲ್ಲದ ಮಾರುಕಟ್ಟೆಯಲ್ಲಿ, ಕಂಪನಿಯ ಹೂಡಿಕೆಗಳು ಬದಲಾಗದಿದ್ದರೆ, ಅದು ಡಿವಿಡೆಂಡ್ ಕೊಟ್ಟರೂ ಒಂದೇ ಕೊಡದಿದ್ದರೂ ಒಂದೇ ಎಂದು ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ 1961ರಲ್ಲೇ ತೋರಿಸಿದ್ದರು.

ಒಂದು ಪುಟ್ಟ ಕಂಪನಿ ಇದೆ ಅಂದುಕೊಳ್ಳಿ. ಅದರ ಒಟ್ಟು ಷೇರು 1,000, ಒಂದೊಂದರ ಬೆಲೆ 100 ರೂಪಾಯಿ. ಅಲ್ಲಿಗೆ ಕಂಪನಿಯ ಬೆಲೆ 1 ಲಕ್ಷ, ಅದರಲ್ಲಿ 10,000 ನಗದು. ನಿವೃತ್ತ ಟೀಚರಮ್ಮ ಒಬ್ಬರ ಹತ್ತಿರ 100 ಷೇರು ಇವೆ, ಅಂದರೆ 10,000 ರೂಪಾಯಿ. ಅವರಿಗೀಗ 1,000 ರೂಪಾಯಿ ಬೇಕು.

ಕಂಪನಿ ಷೇರಿಗೆ 10 ರೂಪಾಯಿ ಡಿವಿಡೆಂಡ್ ಕೊಟ್ಟರೆ ಟೀಚರಮ್ಮನ ಕೈಗೆ 1,000 ಬರುತ್ತದೆ. ಆದರೆ ಕಂಪನಿಯಿಂದ 10,000 ನಗದು ಹೊರಗೆ ಹೋಯಿತಲ್ಲ? ಈಗ ಅದರ ಬೆಲೆ 90,000, ಷೇರಿನ ಬೆಲೆ 90. ಅವರ ಹತ್ತಿರ 9,000ದ ಷೇರು, 1,000 ನಗದು. ಕಂಪನಿ ಏನೂ ಕೊಡಲಿಲ್ಲ ಅಂತಿಟ್ಟುಕೊಳ್ಳಿ. ಆಗ ಟೀಚರಮ್ಮ ತಾವೇ 10 ಷೇರನ್ನು 100ರಂತೆ ಮಾರುತ್ತಾರೆ. ಉಳಿದ 90 ಷೇರಿನ ಬೆಲೆ 9,000, ಕೈಯಲ್ಲಿ 1,000. ಲೆಕ್ಕ ಅದೇ. ಈ ಎರಡನೆಯದನ್ನೇ ಹೋಮ್‌ಮೇಡ್ ಡಿವಿಡೆಂಡ್ ಅನ್ನೋದು.

ಇಲ್ಲಿ ತಕ್ಷಣ ಬರೋ ಆಕ್ಷೇಪ ನಮಗೆ ಗೊತ್ತು: "ಡಿವಿಡೆಂಡ್ ಅಂದ್ರೆ ಹಾಲು, ಷೇರು ಮಾರೋದು ಅಂದ್ರೆ ಹಸುವನ್ನೇ ಮಾರಿದ ಹಾಗೆ." ಕೇಳೋಕೆ ಚೆನ್ನಾಗಿದೆ, ಆದರೆ ಒಂದು ವರ್ಷ ಮುಂದೆ ಹೋಗಿ ನೋಡಿ. ಕಂಪನಿ ತನ್ನ ಹತ್ತಿರ ಇರೋ ಎಲ್ಲ ಹಣದ ಮೇಲೂ 10% ಗಳಿಸುತ್ತದೆ ಅನ್ನೋಣ. ಡಿವಿಡೆಂಡ್ ಕೊಟ್ಟ ಕಡೆ 90ರ ಷೇರು 99 ಆಯಿತು, 100 ಷೇರಿಗೆ 9,900. ಕೊಡದ ಕಡೆ 100ರ ಷೇರು 110 ಆಯಿತು, 90 ಷೇರಿಗೆ ಅದೂ 9,900. ಒಂದು ಕಡೆ ಸೊರಗಿದ ನೂರು ಹಸು, ಇನ್ನೊಂದು ಕಡೆ ಮೈತುಂಬಿದ ತೊಂಬತ್ತು. ಎರಡನೇ ವರ್ಷ ಷೇರಿಗೆ 9.90 ಡಿವಿಡೆಂಡ್ ಕೊಟ್ಟರೆ 990 ಬರುತ್ತದೆ. ಈ ಕಡೆ 110ರಂತೆ 9 ಷೇರು ಮಾರಿದರೂ 990. ಉಳಿಯೋದು ಎರಡೂ ಕಡೆ 8,910. ಷೇರಿನ ಸಂಖ್ಯೆ ಇಳಿದಿದ್ದು ಕಣ್ಣಿಗೆ ಕಾಣುತ್ತೆ, ಬೆಲೆ ಇಳಿದಿದ್ದು ದಿನದ ಏರಿಳಿತದಲ್ಲಿ ಮುಚ್ಚಿಹೋಗುತ್ತೆ. ಗೊಂದಲಕ್ಕೆಲ್ಲ ಇದೇ ಮೂಲ ಅಂತ ನಮಗನ್ನಿಸುತ್ತೆ. ರೆಕಾರ್ಡ್ ಡೇಟಿನ ಹಿಂದಿನ ದಿನ 100ಕ್ಕೆ ಕೊಂಡವನಿಗೂ ಸಿಗೋದು 90ರ ಷೇರು ಮತ್ತು ಅವನದೇ 10 ರೂಪಾಯಿ.

ಇದೆಲ್ಲ ಘರ್ಷಣೆಯಿಲ್ಲದ ಮೇಲ್ಮೈಯ ಲೆಕ್ಕ, ಫಸ್ಟ್ ಸೆಮ್ ಫಿಸಿಕ್ಸ್ ಥರ. ಘರ್ಷಣೆ ಸೇರಿಸಿದರೆ ಏನಾಗುತ್ತೆ? 2020ರ ಏಪ್ರಿಲ್‌ನಿಂದ ಭಾರತದಲ್ಲಿ ಡಿವಿಡೆಂಡ್ ಮೇಲಿನ ತೆರಿಗೆ ಷೇರುದಾರರ ತಲೆ ಮೇಲೆ, ಅವರವರ ಸ್ಲ್ಯಾಬಿನ ಪ್ರಕಾರ. 30% ಸ್ಲ್ಯಾಬಿನಲ್ಲಿ ಇರೋರಿಗೆ 1,000ಕ್ಕೆ 300 ಹೋಯಿತು, ಸೆಸ್ ಬೇರೆ. ಷೇರು ಮಾರಿದಾಗ ತೆರಿಗೆ ಬೀಳೋದು ಲಾಭದ ಭಾಗಕ್ಕೆ ಮಾತ್ರ. 80ಕ್ಕೆ ಕೊಂಡ 10 ಷೇರನ್ನು 100ಕ್ಕೆ ಮಾರಿದರೆ ಲೆಕ್ಕಕ್ಕೆ ಬರೋದು 200 ರೂಪಾಯಿ ಅಷ್ಟೇ. ಅಂದರೆ ಇಂಥವರಿಗೆ ಹೋಮ್‌ಮೇಡ್ ಡಿವಿಡೆಂಡೇ ಅಗ್ಗ. ಆದಾಯವೇ ಇಲ್ಲದ ನಮ್ಮಂಥ ವಿದ್ಯಾರ್ಥಿಗಳ ಕಥೆ ಬೇರೆ. ಡಿವಿಡೆಂಡ್ ಮೇಲೆ ತೆರಿಗೆ ಬೀಳೋದಿಲ್ಲ, ಆದರೆ ಪ್ರತಿ ಸಲ ಮಾರಿದಾಗಲೂ ಡಿಪಿ ಚಾರ್ಜ್ ಕಟ್ಟಬೇಕು. 1,000 ರೂಪಾಯಿಯ ಷೇರು ಮಾರುವವರಿಗೆ ಅದೂ ಸಣ್ಣದಲ್ಲ. ಅರ್ಧ ಷೇರು ಮಾರೋಕೂ ಆಗಲ್ಲ.

ನಮ್ಮ ಪ್ರಕಾರ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಉಳಿಸಿಕೊಂಡ ಆ 10,000ವನ್ನು ಕಂಪನಿ ಏನು ಮಾಡುತ್ತೆ? 10% ಗಳಿಸೋ ಬದಲು 4% ಬರೋ ಕಡೆ ಹಾಕಿ ಕೂತರೆ ವರ್ಷದ ಕೊನೆಗೆ ಕಂಪನಿಯ ಬೆಲೆ 1,10,000 ಆಗೋದಿಲ್ಲ, 1,09,400 ಆಗುತ್ತೆ. ಟೀಚರಮ್ಮನ 90 ಷೇರು 9,900ರ ಬದಲು 9,846. ಆ 54 ರೂಪಾಯಿ ಹೋಗಿದ್ದು ಡಿವಿಡೆಂಡ್ ಕೊಡದ್ದಕ್ಕಲ್ಲ, ದುಡ್ಡನ್ನು ಕೆಟ್ಟ ಕಡೆ ಹಾಕಿದ್ದಕ್ಕೆ. ಮಿಲ್ಲರ್-ಮೊಡಿಗ್ಲಿಯಾನಿ ಹೂಡಿಕೆ ಬದಲಾಗಬಾರದು ಅಂತ ಷರತ್ತು ಹಾಕಿದ್ದು ಇದಕ್ಕೇ. ದುಡ್ಡು ಕೈಗೆ ಸಿಕ್ಕರೆ ಹಾಳು ಮಾಡುವ ಆಡಳಿತ ಮಂಡಳಿ ಇದ್ದಾಗ ಡಿವಿಡೆಂಡ್ ಕೇಳಿ ಪಡೆಯೋದೇ ಸರಿ, ಅಲ್ಲಿ ನಾವೂ ಡಿವಿಡೆಂಡ್ ಪಕ್ಷವೇ. ಹಾಗಾಗಿ ಷೇರು ಆರಿಸುವಾಗ ಡಿವಿಡೆಂಡ್ ಯೀಲ್ಡ್ ಕಾಲಂ ನೋಡೋ ಮುಂಚೆ, ಕಂಪನಿ ತನ್ನಲ್ಲೇ ಉಳಿಸಿಕೊಂಡ ಲಾಭದ ಮೇಲೆ ಎಷ್ಟು ಗಳಿಸಿದೆ ಅಂತ ನಾಲ್ಕೈದು ವರ್ಷದ ವಾರ್ಷಿಕ ವರದಿ ತೆಗೆದು ನೋಡಿ.