ಮೂರು ಸಲಹೆ, ಒಂದು ಪರಿಚಯ

ಕಳೆದ ತಿಂಗಳು ನಮ್ಮ ಕಚೇರಿಯಲ್ಲಿ ಅರವತ್ತು ಪದಗಳ ಒಂದು ಬರಹ ಮೂವರು ಸಂಗಾತಿಗಳ ನಡುವೆ ಎರಡು ದಿನದ ವಾಗ್ವಾದಕ್ಕೆ ಕಾರಣವಾಯಿತು. ನೇಕಾರ ಅಕ್ಕನೊಬ್ಬರು ಗ್ರಂಥಾಲಯದ ಸಭೆಯಲ್ಲಿ ಸಹಕಾರ ಸಂಘದ ಲೆಕ್ಕದ ಬಗ್ಗೆ ಮಾತನಾಡುವವರಿದ್ದರು. ಆಮಂತ್ರಣ ಪತ್ರಿಕೆಗೆ ಅವರ ಪರಿಚಯ ಬೇಕಾಗಿತ್ತು. ನಾವು ಬರೆದೆವು: ಬಡ ನೇಕಾರ ಕುಟುಂಬದಲ್ಲಿ ಹುಟ್ಟಿದರು, ಏಳನೆಯ ತರಗತಿಗೆ ಓದು ನಿಲ್ಲಿಸಿದರು, 1998ರಿಂದ ಸಂಘದ ಕಾರ್ಯದರ್ಶಿಯಾಗಿ 'ಸಂಘಕ್ಕೆ ಹೊಸ ಚೈತನ್ಯ ನೀಡಿದರು', ಇತ್ಯಾದಿ.

ಒಬ್ಬ ಸಂಗಾತಿ, ನಿವೃತ್ತ ಉಪಾಧ್ಯಾಯರು, ಏಳನೆಯ ತರಗತಿಯ ಮಾತನ್ನು ಹೊಡೆದುಹಾಕಿ ಅವರು ಪಡೆದ ಸನ್ಮಾನಗಳನ್ನೂ ಸದಸ್ಯತ್ವಗಳನ್ನೂ ಸೇರಿಸಿರೆಂದರು. ಇನ್ನೊಬ್ಬರು, ಸಂಘಟನೆಯ ಕೆಲಸ ಮಾಡುವ ತರುಣರು, ಸನ್ಮಾನಗಳೆಲ್ಲ ಬೇಡ, ಬಡತನ ಮತ್ತು ಅರ್ಧಕ್ಕೆ ನಿಂತ ಓದಿನಿಂದಲೇ ಆರಂಭವಾಗಲಿ ಎಂದರು. ಮುದ್ರಣದ ಹೊಣೆ ಹೊತ್ತವರು, ಇದ್ದುದರಲ್ಲಿಯೇ ಮೂರರಲ್ಲೊಂದು ಪಾಲು ಕಡಿಮೆ ಮಾಡಿ, ಕಾಗದದಲ್ಲಿ ನಲವತ್ತು ಪದಕ್ಕಿಂತ ಹೆಚ್ಚಿಗೆ ಎಡೆಯಿಲ್ಲ ಎಂದರು.

ನಾವು ಮೊದಲು ಮಾಡಿದ ತಪ್ಪೆಂದರೆ ಯಾರನ್ನೂ ನೋಯಿಸಬಾರದೆಂದು ಮೂವರ ಮಾತನ್ನೂ ಅಷ್ಟಷ್ಟು ಸೇರಿಸಿದ್ದು. ಬರಹ ನೂರ ಹತ್ತು ಪದಕ್ಕೆ ಬೆಳೆಯಿತು, ಮೂವರಿಗೂ ಹಿಡಿಸಲಿಲ್ಲ. ಆಗ ಒಬ್ಬರು ಮತಕ್ಕೆ ಹಾಕೋಣವೆಂದರು. ಸಭೆಯ ನಿರ್ಣಯಕ್ಕೆ ಕೈಯೆತ್ತುವುದು ಯೋಗ್ಯ. ಆದರೆ ಇಬ್ಬರು ಹೌದೆಂದ ಮಾತ್ರಕ್ಕೆ ಒಬ್ಬರ ಬಾಳಿನ ಕಥೆ ನಿಜವಾಗುವುದಿಲ್ಲ.

ಕೊನೆಗೆ ನಾವು ಸಲಹೆಗಳನ್ನು ಬೇರೆ ಬೇರೆ ರಾಶಿಗೆ ಹಾಕಿದೆವು. ಮೊದಲನೆಯದು ಸಂಗತಿಯ ತಿದ್ದುಪಡಿ. 1998 ಅಲ್ಲ, 1999 ಇರಬೇಕೆಂದು ಉಪಾಧ್ಯಾಯರು ಅಂಚಿನಲ್ಲಿ ಗುರುತು ಹಾಕಿದ್ದರು. ಇದರಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ. ಸಂಘದ ನಡಾವಳಿ ಪುಸ್ತಕ ತೆರೆಸಿ ನೋಡಿದೆವು, ಅವರೇ ಸರಿ. ಎರಡನೆಯದು ಸ್ಥಳದ ಮಿತಿ. ಅಚ್ಚಿನಲ್ಲಿ ಹಿಡಿಯದ್ದನ್ನು ವಾದದಿಂದ ಹಿಡಿಸಲಾಗದು. ನಲವತ್ತು ಪದವೆಂದರೆ ನಲವತ್ತೇ. ಉಳಿದದ್ದು ಮೂರನೆಯದು: ಏನನ್ನು ಹೇಳಬೇಕು, ಯಾವುದನ್ನು ಮುಂದಿಡಬೇಕು ಎಂಬುದು. ನಿಜವಾದ ಜಗಳ ಇಲ್ಲಿಯೇ ಇದ್ದುದು.

ಇಲ್ಲಿ ನಾವು ಅವರು ಹೇಳಿದ ಮದ್ದನ್ನು ಬಿಟ್ಟು, ಅವರು ಎಡವಿದ ಸ್ಥಳವನ್ನು ನೋಡಿದೆವು. ಮೂರು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ 'ಹೊಸ ಚೈತನ್ಯ'ದ ಸಾಲಿನ ಬಳಿಯೇ ಮೂವರ ಪೆನ್ಸಿಲೂ ನಿಂತಿತ್ತು. ಒಬ್ಬರು ಅಲ್ಲಿ ಸನ್ಮಾನ ತುಂಬಲು ಹೊರಟಿದ್ದರು, ಒಬ್ಬರು ಹೋರಾಟ ತುಂಬಲು, ಒಬ್ಬರು ಅದನ್ನೇ ಕತ್ತರಿಸಲು. ಮದ್ದು ಮೂರು, ಕಾಯಿಲೆ ಒಂದೇ: ಆ ಸಾಲು ಏನನ್ನೂ ಹೇಳುತ್ತಿರಲಿಲ್ಲ. ಸಭೆಗೆ ಬರುವ ನೇಕಾರ ಕೇಳುವುದು, ಲೆಕ್ಕದ ವಿಷಯದಲ್ಲಿ ಇವರ ಮಾತನ್ನು ನಾನೇಕೆ ಕೇಳಬೇಕು ಎಂದು. ಅದಕ್ಕೆ ಸನ್ಮಾನವೂ ಉತ್ತರವಲ್ಲ, ಬಡತನವೂ ಉತ್ತರವಲ್ಲ. ಅವರು ಮಾಡಿದ ಕೆಲಸವೇ ಉತ್ತರ.

ಇನ್ನು ಏಳನೆಯ ತರಗತಿ. ಅದನ್ನು ತೀರ್ಮಾನಿಸಲು ನಾವು ಯಾರು? ಅಕ್ಕನವರಿಗೆ ಓದಿ ಹೇಳಿದೆವು. "ಏಳನೇ ಇಯತ್ತೆ ಅಂತ ಬರೀರಿ, ಮುಚ್ಚೂದು ಏನದ? ಆದರ ಬಡವರ ಮಗಳು ಅಂತ ಬರೀಬ್ಯಾಡ್ರಿ. ನಮ್ಮಪ್ಪ ದುಡಿದು ಉಂಡಾನ," ಎಂದರು. ಉಪಾಧ್ಯಾಯರು ಮುಚ್ಚಹೊರಟದ್ದು ಉಳಿಯಿತು, ತರುಣರು ಎತ್ತಿ ಹಿಡಿದದ್ದು ಹೋಯಿತು. ಇಬ್ಬರೂ ಅವರ ಗೌರವಕ್ಕಾಗಿಯೇ ವಾದಿಸಿದ್ದರು. ಇಬ್ಬರೂ ಅವರನ್ನು ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅಚ್ಚಾದದ್ದು ಇದು: "ಇಳಕಲ್ ಸೀರೆಯ ನೇಕಾರರು. ಏಳನೆಯ ತರಗತಿಯವರೆಗೆ ಓದಿದ್ದಾರೆ. 1999ರಿಂದ 22 ವರ್ಷ ನೇಕಾರರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದರು. ಪ್ರತಿ ಸೀರೆಯ ಮಜೂರಿಯನ್ನು ಹಲಗೆಯ ಮೇಲೆ ಬರೆದು ಹಾಕಿಸಿದರು. ನೂಲಿನ ಸಾಲವನ್ನು ಪ್ರತಿ ಸದಸ್ಯನ ಪುಸ್ತಕದಲ್ಲಿ ಬರೆಸಿದರು. ಸಂಘದ ಲೆಕ್ಕವನ್ನು ಸದಸ್ಯರೇ ಓದುವುದು ಹೇಗೆ ಎಂಬುದನ್ನು ಅಂದು ಹೇಳಲಿದ್ದಾರೆ."

ಅಚ್ಚಿಗೆ ಕೊಡುವ ಮುನ್ನ, ವಾದದಲ್ಲಿ ಇಲ್ಲದ ಒಬ್ಬ ನೇಕಾರರಿಗೆ ಒಮ್ಮೆ ಓದಿ ಕಾಗದವನ್ನು ಮಡಚಿ, ಇವರು ಯಾರೆಂದು ಕೇಳಿದೆವು. "ಮಜೂರಿ ಹಲಗೆ ಹಾಕಿಸಿದವರು," ಎಂದರು. ಅಷ್ಟು ಸಾಕು. ಅವರು ಸನ್ಮಾನವನ್ನೋ ಬಡತನವನ್ನೋ ಹೇಳಿದ್ದರೆ ನಾವು ಮತ್ತೆ ಕುಳಿತು ಬರೆಯಬೇಕಾಗುತ್ತಿತ್ತು.

ಮಾತು ನಡೆಯದ ಸಂಗಾತಿಗಳಿಗೆ ಕಾರಣವನ್ನು ಎದುರಿಗೇ ಹೇಳಿದೆವು. ಉಪಾಧ್ಯಾಯರು ಇನ್ನೂ ಪೂರ್ತಿ ಒಪ್ಪಿಲ್ಲ. ಸನ್ಮಾನಗಳ ಪಟ್ಟಿಯನ್ನು ಅವರೇ ಸಭೆಯಲ್ಲಿ ಸ್ವಾಗತ ಭಾಷಣದಲ್ಲಿ ಓದಿದರು. ಅದಕ್ಕೆ ತಕ್ಕ ಸ್ಥಳವೂ ಅದೇ ಆಗಿತ್ತು. ಸಲಹೆ ಕೊಟ್ಟವರ ಹಿರಿತನಕ್ಕಾಗಲಿ, ಗಟ್ಟಿ ದನಿಗಾಗಲಿ ಬರಹವನ್ನು ಒಪ್ಪಿಸಕೂಡದು. ಸಂಗತಿಗೆ ದಾಖಲೆ, ಅಳತೆಗೆ ಕಾಗದ, ಒತ್ತಿಗೆ ಓದುಗ, ಬಾಳಿನ ಮಾತಿಗೆ ಆ ಬಾಳನ್ನು ಬಾಳಿದವರು: ನಾವು ಕೇಳಬೇಕಾದದ್ದು ಇವರನ್ನು.